ಎಪ್ಪತ್ತಕ್ಕೆ ಡಿಸ್ಟಿಂಕ್ಷನ್

ನಮ್ಮ ಬೀದಿಯ ರಾಯರಿಗೆ ಡಾರ್ಕ್ ಚಾಕೊಲೇಟಿನ ಹೊದಿಕೆ ಅಂದರೆ ಮಾರ್ಕ್ಸ್ ಕಾರ್ಡ್. 55 ಅಂತಿದ್ದರೆ ಮುಖ ಸಿಂಡರಿಸುತ್ತಾರೆ. 70ಕ್ಕೆ ತಲೆದೂಗುತ್ತಾರೆ. ಮೊನ್ನೆ 85 ಪರ್ಸೆಂಟಿನದು ತಂದವರು, ಮಗನಿಗೆ ರ್‍ಯಾಂಕ್ ಬಂದವರ ಹಾಗೆ ಎಲ್ಲರಿಗೂ ಒಂದೊಂದು ಚೂರು ಹಂಚಿದರು. ಕಹಿಗೆ ನನ್ನ ಕಣ್ಣಲ್ಲಿ ನೀರು. "ಫ್ಲೇವನಾಲ್ ಕಣ್ರೀ, ಕೋಕೋ ಬೀಜದಲ್ಲಿರೋ ಸತ್ವ, ಬಿಪಿ ಇಳಿಯುತ್ತೆ" ಅಂದರು.

ಪಾಪ, ಆ ನಂಬರು ಫ್ಲೇವನಾಲಿನದ್ದೇ ಅಲ್ಲ. ಕೋಕೋ ಬೀಜದಿಂದ ಬಂದದ್ದೆಲ್ಲದರ ಒಟ್ಟು ತೂಕ ಅದು. ಅರೆದ ಬೀಜವೂ ಸೇರುತ್ತೆ, ಮೇಲಿಂದ ಹಾಕಿದ ಕೋಕೋ ಬೆಣ್ಣೆಯೂ ಸೇರುತ್ತೆ. ಫ್ಲೇವನಾಲ್ ಇರುವುದು ಮಾತ್ರ ಜಿಡ್ಡಿಲ್ಲದ ಕಂದು ಭಾಗದಲ್ಲಿ. ನೂರು ಗ್ರಾಂ ಬಾರಿಗೆ 70 ಗ್ರಾಂ ಅರೆದ ಬೀಜವನ್ನೇ ಹಾಕಿದಿರಿ ಅನ್ನಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜಿಡ್ಡು, ಕಂದು ಭಾಗ ಸುಮಾರು 32 ಗ್ರಾಂ. ಪಕ್ಕದವನು 50 ಗ್ರಾಂ ಬೀಜ, 20 ಗ್ರಾಂ ಬೆಣ್ಣೆ ಹಾಕಿದ. ಕಂದು ಭಾಗ 23ಕ್ಕೆ ಇಳಿಯಿತು. ಹೊದಿಕೆ ಮೇಲೆ ಇಬ್ಬರದ್ದೂ 70! ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡೋದು ಅಂದರೆ ಇದೇ ಅಲ್ವಾ?

ಇಷ್ಟಕ್ಕೇ ಮುಗಿಯಲಿಲ್ಲ. ಬೀಜವನ್ನು ದಿನಗಟ್ಟಲೆ ಹುಳಿ ಬರಿಸುತ್ತಾರೆ, ಆಮೇಲೆ ಹುರಿಯುತ್ತಾರೆ. ಎರಡರಲ್ಲೂ ಫ್ಲೇವನಾಲ್ ಸೋರುತ್ತದೆ. ಕಹಿ ಹೋಗಲಿ, ಬಣ್ಣ ಕಪ್ಪಾಗಲಿ ಅಂತ ಕ್ಷಾರ ಹಾಕಿದರಂತೂ ಬಹುಪಾಲು ಮಾಯ. ಹಾಗಾಗಿ ಕಾಡಿಗೆಯಷ್ಟು ಕಪ್ಪಗಿರುವ ಕೋಕೋ ಪುಡಿಯಲ್ಲೇ ಫ್ಲೇವನಾಲ್ ಕಮ್ಮಿ ಇರಬಹುದು. ಪದಾರ್ಥಗಳ ಪಟ್ಟಿಯಲ್ಲಿ ಆಲ್ಕಲಿ ಅಂತ ಇದೆಯಾ, ಕೋಕೋ ಬೆಣ್ಣೆ ಎಷ್ಟನೇ ಹೆಸರು ಅಂತ ನೋಡಿದರೆ ಒಂದಿಷ್ಟು ಗೊತ್ತಾಗುತ್ತದೆ. ಆದರೆ ಅಲ್ಲಿನ ಅಕ್ಷರ ಇರುವೆ ಸಾಲು. 70 ಮಾತ್ರ ಬಂಗಾರದ ಬಣ್ಣದಲ್ಲಿ.

ಬಿಪಿ ಇಳಿಯುವುದು ಪೂರ್ತಿ ಸುಳ್ಳೇನಲ್ಲ. 2017ರಲ್ಲಿ ಕೊಕ್ರೇನ್ ಸಂಸ್ಥೆ 35 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಇಳಿದದ್ದು ಸರಾಸರಿ 2 ಪಾಯಿಂಟ್‌ಗೂ ಕಡಿಮೆ. ಅದೂ ದಿನಕ್ಕೆ ಸರಾಸರಿ 670 ಮಿಲಿಗ್ರಾಂ ಫ್ಲೇವನಾಲ್ ಕೊಟ್ಟು, ಹೆಚ್ಚಿನವು ಕೆಲವೇ ವಾರ ನಡೆದ ಪ್ರಯೋಗಗಳಲ್ಲಿ. ರಾಯರ 150ಕ್ಕೆ ಅಷ್ಟು ಕಳೆದರೆ 148. ಉಪ್ಪಿನಕಾಯಿ ಜಾಡಿ ತೆರೆದರೆ ಲೆಕ್ಕ ಚುಕ್ತಾ.

"ಮನಸ್ಸಿಗಾದರೂ ಒಳ್ಳೇದು" ಅಂದರು ರಾಯರು. 2019ರ ಅಧ್ಯಯನವೊಂದು ಹಾಗೆ ಸುದ್ದಿಯಾಗಿತ್ತು, ನಿಜ. ಅಮೆರಿಕದ 13 ಸಾವಿರಕ್ಕೂ ಹೆಚ್ಚು ಜನರ ಊಟ-ತಿಂಡಿ ಕೇಳಿದಾಗ, ಡಾರ್ಕ್ ಚಾಕೊಲೇಟ್ ತಿಂದವರಲ್ಲಿ ಖಿನ್ನತೆಯ ಲಕ್ಷಣ ಕಮ್ಮಿ ಕಂಡಿತು. ಆದರೆ ತಿಂದದ್ದಕ್ಕೆ ಖುಷಿಯೋ, ಖುಷಿ ಇದ್ದದ್ದಕ್ಕೆ ತಿಂದರೋ? ಎರಡನ್ನೂ ಒಂದೇ ಕಾಲಕ್ಕೆ ಕೇಳಿದರೆ ಅದು ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ರಾಯರ ಹೆಂಡತಿ ನೀರಿನ ಲೋಟದ ಜೊತೆ ಬಿಪಿ ಮಾತ್ರೆ ತಂದಿಟ್ಟರು. ರಾಯರು ಕನ್ನಡಕ ಏರಿಸಿ ಸ್ಟ್ರಿಪ್ಪನ್ನು ಹಿಂದೆ ಮುಂದೆ ತಿರುಗಿಸಿದರು.

"ಇದರಲ್ಲಿ ಪರ್ಸೆಂಟೇ ಹಾಕಿಲ್ವಲ್ಲೇ" ಅಂದರು.