ಏಡಿಯಿಲ್ಲದ ಏಡಿಯ ಚಿತ್ರ

ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ವಾಟ್ಸ್‌ಆ್ಯಪ್ ಸದ್ದು ಮಾಡಿತು. ಮಲ್ಪೆಯ ಮರಳು, ನಡುವೆ ಒಂದು ತೂತು. ಕೆಳಗೆ ಭಾವನ ಪ್ರಶ್ನೆ: ‘ಈ ಏಡಿಯ ಹೆಸರೇನು?’ ಏಡಿ ಎಲ್ಲಿದೆ ಭಾವ ಎಂದರೆ, ‘ಈಗಷ್ಟೇ ಒಳಗೆ ಹೋಯಿತು ಮಾರಾಯ!’

ಹಾಲು ಹೋಗಲಿ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಏಡಿ ಇಲ್ಲದಿದ್ದರೂ ತೂತು ಮಾತಾಡುತ್ತದೆ. ಪೆನ್ಸಿಲ್ ಇಳಿಯುವಷ್ಟು ಸಣ್ಣದಿದ್ದು, ಸುತ್ತಲೂ ಪುಟಾಣಿ ಮರಳಿನುಂಡೆಗಳು ಹರಡಿದ್ದರೆ ಅದು ಸ್ಯಾಂಡ್ ಬಬ್ಲರ್. ಮರಳಿನಿಂದ ತಿನ್ನುವುದನ್ನು ಸೋಸಿಕೊಂಡು ಉಳಿದದ್ದನ್ನು ಉಂಡೆ ಕಟ್ಟಿ ಎಸೆದಿರುತ್ತದೆ. ತೂತು ಅಗಲವಾಗಿದ್ದು, ಒಂದು ಪಕ್ಕಕ್ಕೆ ಮರಳು ಚೆಲ್ಲಿದ್ದರೆ ಬಹುತೇಕ ಘೋಸ್ಟ್ ಕ್ರ್ಯಾಬ್. ಆದರೆ ಭಾವನ ಚಿತ್ರದಲ್ಲಿ ತೂತಿನ ಅಕ್ಕಪಕ್ಕವೇ ಇಲ್ಲ! ಚೆನ್ನಾಗಿ ಕಾಣಲಿ ಎಂದು ಕತ್ತರಿಸಿದ್ದಾರಂತೆ.

ಇನ್ನು ಚಿಪ್ಪುಗಳ ವಿಷಯಕ್ಕೆ ಬಂದರೆ, ಅವರು ಬೆನ್ನಿನ ಭಕ್ತರು. ಮೊನ್ನೆ ಕಳಿಸಿದ್ದು ಕಂದು ಬಣ್ಣದ, ದುಂಡನೆಯ ಶಂಖ. ಅಂಥ ಬೆನ್ನು ಎಷ್ಟೋ ಹುಳುಗಳಿಗಿದೆ. ಬಾಯಿಯ ಕಡೆ ತೋರಿಸಿ, ಅಳತೆಗೆ ಪಕ್ಕದಲ್ಲೊಂದು ನಾಣ್ಯ ಇಡಿ ಎಂದೆ. ನಾಣ್ಯ ಇಟ್ಟರು. ಎರಡು ರೂಪಾಯಿ. ಅದರ ಮೇಲಿನ ಇಸವಿ ಓದುವಷ್ಟು ಸ್ಪಷ್ಟ. ಶಂಖ ಮಾತ್ರ ಮಂಜಿನಲ್ಲಿ ಮುಳುಗಿತ್ತು. ಮರುದಿನ ಶಂಖ ಸ್ಪಷ್ಟ, ನಾಣ್ಯವಿಲ್ಲ. ಕೇಳಿದರೆ, ‘ಅದರಲ್ಲಿ ಚಹಾ ಕುಡಿದೆ’ ಎಂದರು. ಎರಡು ರೂಪಾಯಿಗೆ ಯಾವ ಊರಿನಲ್ಲಿ ಚಹಾ ಸಿಗುತ್ತದೆಯೋ, ಅದನ್ನು ಕೇಳುವ ಚೈತನ್ಯ ನನಗಿರಲಿಲ್ಲ.

ಅಕ್ಕ ಮಗಳ ಬಾಣಂತನಕ್ಕೆ ಹೋದಮೇಲೆ ಅವರು ಒಬ್ಬರೇ ನಡೆಯುತ್ತಾರೆ. ಮನೆಯ ಗುಂಪಿನಲ್ಲಿ ಮಗುವಿನ ಚಿತ್ರಕ್ಕೆ ಮೆಚ್ಚುಗೆಗಳ ಮಳೆ. ಅದರ ಕೆಳಗೆ ಭಾವನ ಏಡಿತೂತನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಉತ್ತರಿಸುವ ಕೆಲಸ ನನ್ನದು, ಬೈಯುವುದೂ ನನ್ನದೇ.

ಕೊನೆಗೂ ಶಂಖ ಮಗುಚಿದ ಚಿತ್ರ ಬಂತು. ಅರ್ಧಚಂದ್ರದಂಥ ಬಾಯಿ, ಪಕ್ಕದಲ್ಲಿ ಹೊಕ್ಕುಳಂಥ ಕುಳಿ: ಮೂನ್ ಸ್ನೇಲ್ ಎಂದು ಬರೆಯಲು ಹೊರಟೆ. ಅಷ್ಟರಲ್ಲಿ ಬಾಯಿಯೊಳಗಿಂದ ಕಾಲುಗಳು ಇಣುಕುತ್ತಿರುವುದು ಕಂಡಿತು. ಎಡಗೊಂಡಿ ಬಲಗೊಂಡಿಗಿಂತ ದಪ್ಪ. ಡಯೋಜನಿಸ್ ಕುಲದ ಸನ್ಯಾಸಿ ಏಡಿಗಳಿಗೆ ಎಡಗೊಂಡಿಯೇ ದೊಡ್ಡದು. ನಮ್ಮ ಕಡಲತೀರಗಳಲ್ಲಿ ಅವಕ್ಕೇನೂ ಬರವಿಲ್ಲ.

‘ಭಾವ, ಇದಕ್ಕೆ ಎರಡು ಹೆಸರು. ಮನೆ ಮೂನ್ ಸ್ನೇಲ್‌ನದು. ಅದು ಸತ್ತಿದೆ. ಒಳಗಿರುವುದು ಏಡಿ, ಬಾಡಿಗೆಗೆ ಬಂದವನು. ದಯವಿಟ್ಟು ಅದನ್ನು ಅಲ್ಲಿಯೇ ಬಿಟ್ಟು ಬನ್ನಿ’ ಎಂದು ಬರೆದೆ.

ತಕ್ಷಣ ಉತ್ತರ ಬಂತು: ‘ಮುಂಗಡ ಯಾರಿಗೆ ಕೊಟ್ಟಿದ್ದಾನೆ?’