ಸಂಕಲ್ಪದ ಮೇಲೆ ಬಿದ್ದ ಶುಭಾಶಯ

2025ರ ಯುಗಾದಿ ಬಂದಿದ್ದು ಮಾರ್ಚ್ 30ರ ಭಾನುವಾರ. ರಜೆ ದಿನ ತಾನೆ, ಯಾವಾಗ ಮೆಸೇಜ್ ಕಳಿಸಿದರೇನು ಅಂತ ಕೇಳುವವರಿಗೆ ನಮ್ಮ ನೆಂಟರ ಪರಿಚಯವಿಲ್ಲ.

ಭಾವನ ಪೂಜೆಯ ಪುಸ್ತಕ ಮೊಬೈಲಿನಲ್ಲಿರುವ ಪಿಡಿಎಫ್. ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ, ಫೋನನ್ನು ತೆಂಗಿನಕಾಯಿಗೆ ಒರಗಿಸಿಟ್ಟು ಸಂಕಲ್ಪ ಶುರುಮಾಡಿದರು. ಯುಗಾದಿಗೆ ಸಂವತ್ಸರದ ಹೆಸರು ಬದಲಾಗುತ್ತದಲ್ಲ, ಅವತ್ತು ಕ್ರೋಧಿ ಹೋಗಿ ವಿಶ್ವಾವಸು ಬಂದಿತ್ತು. ಸರಿಯಾಗಿ ಆ ಸಾಲಿನ ಮೇಲೇ ಯಾರದೋ "ಹ್ಯಾಪಿ ಉಗಾದಿ" ಇಳಿದು ಕೂತಿತು. ವಿಶ್ವಾವಸು ಮರೆಯಾದ. ಭಾವ ವರ್ಷವಿಡೀ ಹೇಳಿದ ರೂಢಿಯಲ್ಲಿ "ಕ್ರೋಧಿನಾಮ ಸಂವತ್ಸರೇ" ಅಂದುಬಿಟ್ಟರು. "ರೀ, ಅದು ನಿನ್ನೆಗೇ ಮುಗೀತು!" ಅಂತ ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. ಆಮೇಲೆ ಮಂಗಳಾರತಿಯವರೆಗೂ ಭಾವ ಹಳೆಯ ಸಂವತ್ಸರದ ಹೆಸರಿಗೆ ತಕ್ಕಂತೆಯೇ ಇದ್ದರು. ಏರೋಪ್ಲೇನ್ ಮೋಡ್‌ನಲ್ಲೂ ಪಿಡಿಎಫ್ ತೆರೆಯುತ್ತದೆ ಅಂತ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಇದನ್ನು ಕಣ್ಣಾರೆ ಕಂಡ ಮೇಲೆ ನನ್ನ ಮೆಸೇಜುಗಳಿಗೆ ಮುಹೂರ್ತ ಹುಡುಕುತ್ತ ಕೂತೆ. ಹತ್ತೂವರೆವರೆಗೆ ಎಲ್ಲರ ಮನೆಯಲ್ಲೂ ಪೂಜೆ. ಹನ್ನೆರಡರ ಮೇಲೆ ಹೋಳಿಗೆ ಊಟ, ತುಪ್ಪದ ಕೈಯಲ್ಲಿ ಫೋನ್ ಮುಟ್ಟುವವರಿಲ್ಲ. ಊಟವಾದ ಮೇಲಿನ ನಿದ್ದೆಯನ್ನು ಕೆಡಿಸಿದರಂತೂ ಸಂಬಂಧವೇ ಕೆಟ್ಟೀತು. ಎದ್ದು ಕಾಫಿ ಕುಡಿಯುವ ಹೊತ್ತು ಚೆನ್ನಾಗಿತ್ತು, ಆದರೆ ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಆ ಹೊತ್ತಲ್ಲಿ ಬಂದ ಶುಭಾಶಯವನ್ನು ನಮ್ಮ ದೊಡ್ಡಮ್ಮ ತೆರೆಯುವುದೂ ಇಲ್ಲ.

ಸಂಜೆಯ ಕಥೆಯೇ ಬೇರೆ. ತಂಗಿಯ ಮಗಳಿಗೆ ಎಸ್ಸೆಸ್ಸೆಲ್ಸಿ, ಪರೀಕ್ಷೆ ಏಪ್ರಿಲ್ 4ರವರೆಗೆ. ಮೇಷ್ಟ್ರು ಕಳಿಸುವ ಮಾದರಿ ಪ್ರಶ್ನೆಪತ್ರಿಕೆಗಳೆಲ್ಲ ಬರುವುದು ತಂಗಿಯ ಫೋನಿಗೆ. ಅವತ್ತು ವಿಜ್ಞಾನದ ಪತ್ರಿಕೆ ನೆಂಟರ ಬೇವು-ಬೆಲ್ಲದ ಚಿತ್ರಗಳಡಿ ಎಲ್ಲೋ ಹೂತುಹೋಗಿತ್ತು. ಶಾಲೆಯ ಗುಂಪನ್ನು ಪಿನ್ ಮಾಡಿ ಮೇಲಿಟ್ಟುಕೋ ಅಂದೆ. "ಪಿನ್ ಮಾಡಿದೀನಿ ಅಣ್ಣ. ಆ ಗುಂಪಲ್ಲೇ ಪೇರೆಂಟ್ಸೆಲ್ಲ ಯುಗಾದಿ ಮಾಡ್ತಿದಾರೆ" ಅಂದಳು.

ಹೀಗೆ ಎಲ್ಲ ಕಳೆದು ಉಳಿದಿದ್ದು ಬೆಳಗಿನ ಹನ್ನೊಂದು ಗಂಟೆಯ ಆಸುಪಾಸು. ಸರಿ, ಕಳಿಸಿದೆ. ತಕ್ಷಣ ಉತ್ತರ ಕೊಟ್ಟವನು ಒಬ್ಬನೇ, ನ್ಯೂಜೆರ್ಸಿಯ ಅಣ್ಣನ ಮಗ. ಅಲ್ಲಿ ಆಗ ನಡುರಾತ್ರಿ ಒಂದೂವರೆ. "ಚಿಕ್ಕಪ್ಪ, ಯಾರಿಗಾದ್ರೂ ಹುಷಾರಿಲ್ವಾ?" ಅಂತ ಗಾಬರಿಯಿಂದ ಕೇಳಿದ. ಬೇವು-ಬೆಲ್ಲದ ಚಿತ್ರ ಅವನ ಫೋನಲ್ಲಿ ಇನ್ನೂ ಡೌನ್‌ಲೋಡ್ ಆಗಿರಲಿಲ್ಲ.

ದೊಡ್ಡಮ್ಮನ ಉತ್ತರ ಬಂದಿದ್ದು ರಾತ್ರಿ ಹನ್ನೊಂದು ಮುಕ್ಕಾಲಿಗೆ, ನನಗೆ ಆಗಲೇ ಒಂದು ನಿದ್ದೆ ಆಗಿತ್ತು. ರಾಹುಕಾಲ, ಪಂಚಾಂಗ ಶ್ರವಣ ಎಲ್ಲ ಮುಗಿಸಿಕೊಂಡು, ನಾನು ಕಳಿಸಿದ್ದ ಚಿತ್ರವನ್ನೇ ನನಗೆ ಫಾರ್ವರ್ಡ್ ಮಾಡಿದ್ದರು. ಕೆಳಗೊಂದು ಸಾಲು: "ಇಷ್ಟು ಹೊತ್ತಾದರೂ ಫೋನ್ ನೋಡಬೇಡ, ಮಲಗು."