ಲೈಕ್ ಎಣಿಸಿ ಬಹುಮಾನ ಕೊಡಬೇಡಿ

ಎಳ್ಳ ಅಮಾವಾಸ್ಯೆ ಹತ್ತಿರ ಬಂದಂತೆ ನಮ್ಮ ಕಲಬುರಗಿಯ ಅಂಗಡಿಯವರು ಗ್ರಾಹಕರಿಗಾಗಿ ಅಡುಗೆ ಸ್ಪರ್ಧೆ ಘೋಷಿಸುವುದನ್ನು ನೋಡುತ್ತಿದ್ದೇನೆ. ಹಲವು ಕಡೆ ನಿಯಮವೆಂದರೆ ಒಂದೇ ಸಾಲು: ಯಾರ ಫೋಟೊಗೆ ಹೆಚ್ಚು ಲೈಕ್ ಬರುತ್ತದೆಯೋ ಅವರಿಗೆ ಬಹುಮಾನ. ದಯವಿಟ್ಟು ಹೀಗೆ ಮಾಡಬೇಡಿ. ತೊಗರಿ ಬೇಳೆ ಮಾರುವ ನಾನು ಇದೇ ತಪ್ಪು ಮಾಡಿ ಒಳ್ಳೆಯ ಗ್ರಾಹಕರ ಮನಸ್ಸು ನೋಯಿಸಿದ್ದೇನೆ.

ಮೊದಲ ಸಲ 43 ಫೋಟೊಗಳು ಬಂದಿದ್ದವು. ಬಹುಮಾನ ಒಂದೇ, ಮಿಕ್ಸರ್. ಕೊನೆಯ ದಿನದ ಸಂಜೆಯವರೆಗೆ 60 ಲೈಕ್ ಇದ್ದ ಒಂದು ಫೋಟೊ ಬೆಳಗಾಗುವುದರೊಳಗೆ 900 ದಾಟಿತು. ಲೈಕ್ ಒತ್ತಿದವರ ಖಾತೆಗಳನ್ನು ತೆರೆದು ನೋಡಿದರೆ ಒಬ್ಬರೂ ಈ ಕಡೆಯವರಲ್ಲ. ಆದರೆ ನನ್ನ ನಿಯಮದ ಪ್ರಕಾರ ಗೆದ್ದವರು ಅವರೇ. ಮಿಕ್ಸರ್ ಕೊಟ್ಟೆ. ಅದರ ನಂತರ ಮೂವರು ಹಳೆಯ ಗ್ರಾಹಕರು ಅಂಗಡಿಗೆ ಬರುವುದನ್ನೇ ನಿಲ್ಲಿಸಿದರು. ಲೈಕ್ ಎಣಿಕೆಯಲ್ಲಿ ಗೆಲ್ಲುವುದು ಪರಿಚಯಸ್ಥರ ಸಂಖ್ಯೆಯೇ ಹೊರತು ಅಡುಗೆಯಲ್ಲ. ಇದು ಗೊತ್ತಾದ ಕೂಡಲೇ ಚೆನ್ನಾಗಿ ಅಡುಗೆ ಮಾಡುವವರು ಹಿಂದೆ ಸರಿಯುತ್ತಾರೆ. ಅಂದಹಾಗೆ, ಹಂಚಿಕೊಂಡರೆ ಅಥವಾ ಗೆಳೆಯರನ್ನು ಟ್ಯಾಗ್ ಮಾಡಿದರೆ ಮಾತ್ರ ಪ್ರವೇಶ ಎಂಬ ಷರತ್ತಿಗೆ ಫೇಸ್‌ಬುಕ್‌ನ ನಿಯಮಗಳಲ್ಲೇ ಅವಕಾಶವಿಲ್ಲ.

ಮರುವರ್ಷ ಎರಡು ಹಂತ ಮಾಡಿದೆವು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ತೊಗರಿಯ ಬೇಳೆಯಿಂದ ಮನೆಯ ಒಂದು ಅಡುಗೆ. ಅದರ ಫೋಟೊ ಮತ್ತು ಮಾಡುವ ಬಗೆಯನ್ನು ಹೇಳುವ ಒಂದು ನಿಮಿಷದ ಧ್ವನಿ ಸಂದೇಶವನ್ನು ವಾಟ್ಸ್ಆ್ಯಪ್‌ಗೆ ಕಳುಹಿಸಬೇಕು. ಬೇರೆಯವರ ಫೋಟೊ ಕದ್ದು ಕಳುಹಿಸುವುದನ್ನು ತಡೆಯಲು, ಹೆಸರು ನೋಂದಾಯಿಸಿದವರಿಗೆ ನಾವು ಒಂದು ಪದ ಕೊಡುತ್ತಿದ್ದೆವು. ಅದನ್ನು ಚೀಟಿಯಲ್ಲಿ ಬರೆದು ತಟ್ಟೆಯ ಪಕ್ಕದಲ್ಲಿಟ್ಟು ಫೋಟೊ ತೆಗೆಯಬೇಕಿತ್ತು. ಒಂದು ಮೊಬೈಲ್ ಸಂಖ್ಯೆಗೆ ಒಂದೇ ಪ್ರವೇಶ ಎಂದು ಮೊದಲು ಬರೆದಿದ್ದೆ. ನನ್ನ ಅಕ್ಕ ಅದನ್ನು ಹೊಡೆದು ಹಾಕಿಸಿದಳು. ಅತ್ತೆ, ಸೊಸೆ ಇಬ್ಬರಿಗೂ ಒಂದೇ ಫೋನ್ ಇರುವ ಮನೆಗಳು ಎಷ್ಟಿಲ್ಲ? ಹಾಗಾಗಿ ಒಬ್ಬರಿಗೆ ಒಂದು ಪ್ರವೇಶ ಎಂದಾಯಿತು.

ಮೂವರು ತೀರ್ಪುಗಾರರಿಗೆ ಹೆಸರು ತೋರಿಸದೆ ಕ್ರಮಸಂಖ್ಯೆ ಮಾತ್ರ ಕೊಟ್ಟೆವು. ಬೇಳೆಯ ಬಳಕೆಗೆ 60, ವಿವರಣೆಗೆ 40 ಅಂಕ. ಮೊದಲ ಹತ್ತು ಮಂದಿ ಭಾನುವಾರ ಅಡುಗೆಯನ್ನು ಅಂಗಡಿಗೆ ತರಬೇಕು, ಅಲ್ಲಿ ರುಚಿಗೆ ಮಾತ್ರ ಅಂಕ. ಫೋಟೊ ನೋಡಿ ರುಚಿ ಹೇಳಲು ಯಾರಿಗೆ ಸಾಧ್ಯ?

ಬಹುಮಾನವನ್ನು 3,000, 2,000, 1,000 ರೂಪಾಯಿ ಎಂದು ಒಡೆದೆವು. ಜೊತೆಗೆ, ನಿಯಮದಂತೆ ಬಂದ ಮೊದಲ 60 ಪ್ರವೇಶಗಳಿಗೆ ಅರ್ಧ ಕಿಲೋ ಬೇಳೆ. ನಿಜವಾಗಿ ಜನರನ್ನು ಕರೆತಂದದ್ದು ಈ ಅರ್ಧ ಕಿಲೋ. ತಾನು ಗೆಲ್ಲುವುದಿಲ್ಲ ಎಂದುಕೊಂಡವರೂ ಬಂದರು. ಹೀಗೆ ಖಚಿತವಾಗಿ ಸಿಗುವ ಬಹುಮಾನ ಇಟ್ಟಾಗ ಕಾಟಾಚಾರದ ಫೋಟೊಗಳೂ ಬರುತ್ತವೆ. ಧ್ವನಿ ಸಂದೇಶ ಕಡ್ಡಾಯವಾಗಿದ್ದರಿಂದ ಅವು ಕಡಿಮೆಯಾದವು. ಭಾಗವಹಿಸಲು ಖರೀದಿಯ ರಶೀದಿ ಕೇಳಲಿಲ್ಲ. ಮಾರಾಟ ಹೆಚ್ಚಿಸಲು ನಡೆಸುವ ಲಾಟರಿ, ಸ್ಪರ್ಧೆಗಳನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಫಲಿತಾಂಶವನ್ನು ಭಾಗವಹಿಸಿದವರಿಗೆ ತಿಳಿಸದಿರುವುದೂ ಅದೇ ಪಟ್ಟಿಯಲ್ಲಿದೆ. ದೊಡ್ಡದಾಗಿ ಮಾಡುವವರು ಮೊದಲು ವಕೀಲರನ್ನು ಕೇಳಿ.

ಸಂಬಂಧಿಕರ ವಿಷಯ ಎಲ್ಲಕ್ಕಿಂತ ಕಠಿಣ. ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಎಲ್ಲೋ ಒಂದು ಕಡೆ ಬೀಗರೇ. 'ಸಂಬಂಧಿಕರಿಗೆ ಅವಕಾಶವಿಲ್ಲ' ಎಂದಷ್ಟೇ ಬರೆದರೆ ಜಗಳ ಖಂಡಿತ. ನಾವು ಬಿಡಿಸಿ ಬರೆದೆವು: ಅಂಗಡಿಯವರ ಮತ್ತು ತೀರ್ಪುಗಾರರ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಒಂದೇ ಮನೆಯಲ್ಲಿ ವಾಸಿಸುವವರು ಭಾಗವಹಿಸುವಂತಿಲ್ಲ. ತೀರ್ಪುಗಾರರಿಗೆ ಧ್ವನಿಯ ಗುರುತು ಸಿಕ್ಕರೆ ಆ ಪ್ರವೇಶಕ್ಕೆ ಅವರು ಅಂಕ ಕೊಡುವುದಿಲ್ಲ.

ಫೋಟೊಗಳನ್ನು ಒಪ್ಪಿಗೆ ಪಡೆದು ಪುಟದಲ್ಲಿ ಹಾಕಿದಾಗ ಒಬ್ಬರ ಹಳೆಯ ಪಾತ್ರೆಯನ್ನು ಹೀಯಾಳಿಸಿ ಯಾರೋ ಬರೆದರು. ಅಡುಗೆಯ ಬಗ್ಗೆ ಏನು ಬೇಕಾದರೂ ಹೇಳಬಹುದು, ಮನೆ, ಜಾತಿ, ರೂಪದ ಬಗ್ಗೆ ಹೇಳಿದರೆ ತೆಗೆದುಹಾಕುತ್ತೇವೆ ಎಂದು ಮೊದಲೇ ಪ್ರಕಟಿಸಿದ್ದೆವು. ಆ ಮಾತಿನ ಚಿತ್ರ ಉಳಿಸಿಕೊಂಡು, ತೆಗೆದು, ಬರೆದವರಿಗೆ ಕಾರಣ ತಿಳಿಸಿದೆವು. ಇದಕ್ಕೆಂದೇ ಇಬ್ಬರನ್ನು ಸರದಿಯ ಮೇಲೆ ನೇಮಿಸಿದ್ದೆ. ರಾತ್ರಿಯಿಡೀ ಅಂಥ ಮಾತು ಅಲ್ಲೇ ಉಳಿದಿದ್ದರೆ ಆ ತಾಯಿ ಮತ್ತೆಂದೂ ಫೋಟೊ ಕಳುಹಿಸುತ್ತಿರಲಿಲ್ಲ.

ಮೊದಲ ಹಂತದ ಅಂಕಗಳನ್ನು ಗುರುವಾರ ಕ್ರಮಸಂಖ್ಯೆಯ ಸಮೇತ ಅಂಗಡಿಯ ಗೋಡೆಗೆ ಅಂಟಿಸಿ, ಆಕ್ಷೇಪಕ್ಕೆ ಶನಿವಾರ ಸಂಜೆಯವರೆಗೆ ಸಮಯ ಕೊಟ್ಟೆವು. ಹನ್ನೊಂದನೆಯ ಸ್ಥಾನದಲ್ಲಿದ್ದ ಒಬ್ಬರು ಶುಕ್ರವಾರ ಬಂದು, 'ಅಣ್ಣಾ, ನನ್ನ ಹಾಳೆ ತೋರಿಸಿ' ಎಂದರು. ಕೂಡಿಸಿ ನೋಡಿದರೆ 49ಕ್ಕೆ 27 ಸೇರಿಸಿ 66 ಎಂದು ಬರೆದಿದ್ದೆವು. ಆಗಬೇಕಾದದ್ದು 76. ಅವರನ್ನು ಸೇರಿಸಿಕೊಂಡೆವು, ಆಗಲೇ ಕರೆದಿದ್ದವರನ್ನು ಕೈಬಿಡದೆ ಹನ್ನೊಂದು ಮಂದಿಗೆ ಜಾಗ ಮಾಡಿದೆವು. ಭಾನುವಾರ ಅವರು ತಂದ ಪುಂಡಿಪಲ್ಯಕ್ಕೆ ಎರಡನೆಯ ಬಹುಮಾನ ಬಂತು.